ಆಡಿಟ್ ಸಮಿತಿ ಸಭೆಯ ನಡಾವಳಿ: 14 ಅಕ್ಟೋಬರ್ 2025

ಸಭೆ ಬೆಳಗ್ಗೆ 10.30ಕ್ಕೆ ಶುರುವಾಯಿತು. ಅಧ್ಯಕ್ಷರು ಮತ್ತು ಇಬ್ಬರು ಸ್ವತಂತ್ರ ಸದಸ್ಯರು ಹಾಜರಿದ್ದರು. ಕೋರಂ ಇತ್ತು. ಒಳ ಆಡಿಟ್, ಹಣಕಾಸು, ಖರೀದಿ ಮತ್ತು ಐಟಿ ಮುಖ್ಯಸ್ಥರು ಆಹ್ವಾನದ ಮೇಲೆ ಬಂದಿದ್ದರು. ಹಿಂದಿನ ನಡಾವಳಿಯನ್ನು ತಿದ್ದುಪಡಿ ಇಲ್ಲದೆ ಒಪ್ಪಲಾಯಿತು.

1. ಪೂರೈಕೆದಾರರ ಬ್ಯಾಂಕ್ ಖಾತೆ ಬದಲಾವಣೆ (ಅಪಾಯ: ಹೆಚ್ಚು)

ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಬದಲಾವಣೆಗಳಲ್ಲಿ 25ನ್ನು ಆಡಿಟರ್ ಪರೀಕ್ಷಿಸಿದ್ದಾರೆ. 9ರಲ್ಲಿ ಬರೀ ಇಮೇಲ್ ನೋಡಿ ಖಾತೆ ನಂಬರ್ ಬದಲಾಯಿಸಲಾಗಿದೆ. ಪೂರೈಕೆದಾರರಿಗೆ ಫೋನ್ ಮಾಡಿ ಕೇಳಿದ ದಾಖಲೆ ಇಲ್ಲ. ಅವುಗಳಲ್ಲಿ 4ರಲ್ಲಿ ನಂಬರ್ ಬದಲಾಯಿಸಿದವರೇ ಪಾವತಿಗೂ ಒಪ್ಪಿಗೆ ಕೊಟ್ಟಿದ್ದಾರೆ.

ಹಣಕಾಸು ಮುಖ್ಯಸ್ಥರು ಆಕ್ಷೇಪವನ್ನು ಒಪ್ಪಿದರು. ಆದರೆ ಹಣ ಎಲ್ಲೂ ತಪ್ಪಿ ಹೋಗಿಲ್ಲ, ಆದ್ದರಿಂದ ಅಪಾಯವನ್ನು ಮಧ್ಯಮಕ್ಕೆ ಇಳಿಸಿ ಎಂದು ಕೋರಿದರು. ಅಧ್ಯಕ್ಷರು ಒಪ್ಪಲಿಲ್ಲ. ಇದುವರೆಗೆ ನಷ್ಟ ಆಗಿಲ್ಲ ಅಂದ ಮಾತ್ರಕ್ಕೆ ನಿಯಂತ್ರಣ ಸರಿ ಇದೆ ಎಂದಲ್ಲ, ನಕಲಿ ಇಮೇಲ್ ಒಂದು ಬಂದರೂ ಸಾಕು ಎಂದರು. ಫೋನ್ ಮಾಡುವಾಗ ಇಮೇಲ್‌ನಲ್ಲಿರುವ ನಂಬರ್‌ಗೆ ಮಾಡಬಾರದು, ನಮ್ಮ ಹಳೆಯ ಕಡತದ ನಂಬರ್‌ಗೇ ಮಾಡಬೇಕು ಎಂದು ಆಡಿಟರ್ ಸೇರಿಸಿದರು. ಸಭೆಯ ಅರ್ಧಕ್ಕಿಂತ ಜಾಸ್ತಿ ಸಮಯ ಈ ವಿಷಯಕ್ಕೇ ಹೋಯಿತು. ಹೋಗಬೇಕಾದದ್ದೇ.

ಡಿಸೆಂಬರ್ ಕೊನೆಯವರೆಗೆ ಸಮಯ ಬೇಕೆಂಬ ಕೋರಿಕೆಯನ್ನು ಸಮಿತಿ ತಳ್ಳಿಹಾಕಿತು. ಒಪ್ಪಿದ್ದು ಇಷ್ಟು: ಅಕ್ಟೋಬರ್ 15ರಿಂದಲೇ ಇಬ್ಬರ ಸಹಿ ಇಲ್ಲದೆ ಖಾತೆ ಬದಲಾವಣೆ ಇಲ್ಲ. ಆ 9 ಪೂರೈಕೆದಾರರ ಖಾತೆಗಳನ್ನು ಖರೀದಿ ಮುಖ್ಯಸ್ಥರು ಅಕ್ಟೋಬರ್ 24ರೊಳಗೆ ಮತ್ತೆ ಖಚಿತಪಡಿಸುತ್ತಾರೆ. ಒಬ್ಬರೇ ಎರಡೂ ಕೆಲಸ ಮಾಡದಂತೆ ಸಾಫ್ಟ್‌ವೇರ್‌ನಲ್ಲೇ ತಡೆ ಹಾಕುವುದು ನವೆಂಬರ್ 28ರೊಳಗೆ, ಹೊಣೆ ಹಣಕಾಸು ಮುಖ್ಯಸ್ಥರದ್ದು.

2. ಕೆಲಸ ಬಿಟ್ಟವರ ಲಾಗಿನ್ (ಅಪಾಯ: ಮಧ್ಯಮ)

ಕೆಲಸ ಬಿಟ್ಟ 31 ಜನರಲ್ಲಿ 6 ಜನರ ಲಾಗಿನ್ ಕೊನೆಯ ದಿನದ ನಂತರವೂ ತೆರೆದಿತ್ತು. ಸಿಬ್ಬಂದಿ ವಿಭಾಗದ ಪಟ್ಟಿ ತಿಂಗಳ ಕೊನೆಗೆ ಮಾತ್ರ ಕೈಸೇರುತ್ತದೆ ಎಂದು ಐಟಿ ಮುಖ್ಯಸ್ಥರು ವಿವರಿಸಿದರು. ಆರೂ ಲಾಗಿನ್ ಈಗ ಮುಚ್ಚಿವೆ. ಆ ಅವಧಿಯಲ್ಲಿ ಯಾರಾದರೂ ಒಳಗೆ ಹೋಗಿದ್ದರಾ ಎಂದು ಸದಸ್ಯರೊಬ್ಬರು ಕೇಳಿದರು. ಸಭೆಯಲ್ಲಿ ಉತ್ತರ ಸಿಗಲಿಲ್ಲ. ಲಾಗ್ ಪರಿಶೀಲಿಸಿ ಅಕ್ಟೋಬರ್ 21ರೊಳಗೆ ಲಿಖಿತ ವರದಿ ಕೊಡಬೇಕು. ರಾಜೀನಾಮೆ ಒಪ್ಪಿದ ದಿನವೇ ಐಟಿಗೆ ಸೂಚನೆ ಹೋಗುವ ವ್ಯವಸ್ಥೆ ಅಕ್ಟೋಬರ್ 31ರೊಳಗೆ ಆಗಬೇಕು.

3. ಬ್ಯಾಂಕ್ ಹೊಂದಾಣಿಕೆಯಲ್ಲಿ ಹಳೆಯ ಬಾಕಿ (ಮರುಕಳಿಸಿದ ಆಕ್ಷೇಪ)

90 ದಿನ ದಾಟಿದ 14 ನಮೂದುಗಳು ಉಳಿದಿವೆ. ಗಡುವು ಈಗಾಗಲೇ ಎರಡು ಸಲ ಮುಂದೆ ಹೋಗಿದೆ. ಸಿಬ್ಬಂದಿ ಕೊರತೆ ಎಂಬ ಕಾರಣವೇ ಮತ್ತೆ ಬಂತು. ಕೊನೆಯ ಗಡುವು ನವೆಂಬರ್ 14. ತಪ್ಪಿದರೆ ವಿಷಯವನ್ನು ಅಧ್ಯಕ್ಷರು ನೇರವಾಗಿ ಆಡಳಿತ ಮಂಡಳಿಯ ಮುಂದಿಡುತ್ತಾರೆ.

ಮ್ಯಾನೇಜ್‌ಮೆಂಟ್ "ಆಯಿತು" ಎಂದ ಮಾತ್ರಕ್ಕೆ ಯಾವ ಆಕ್ಷೇಪವೂ ಮುಗಿದಂತಲ್ಲ. ಆಡಿಟರ್ ಸಾಕ್ಷ್ಯ ನೋಡಿ, ಮತ್ತೆ ಪರೀಕ್ಷಿಸಿದ ಮೇಲಷ್ಟೇ ಪಟ್ಟಿಯಿಂದ ತೆಗೆಯುವುದು ಎಂದು ಸಮಿತಿ ನಿರ್ಧರಿಸಿತು.

ಮುಂದಿನ ಸಭೆ 13 ಜನವರಿ 2026. ಸಭೆ ಮಧ್ಯಾಹ್ನ 12.40ಕ್ಕೆ ಮುಗಿಯಿತು.

ಸಮಿತಿಯ ಕಾರ್ಯದರ್ಶಿ