ಆ ತಾರೀಖು ಯಾವ ವಾರ? ಕ್ಯಾಲೆಂಡರ್ ಪ್ರಶ್ನೆಗಳ ಅಭ್ಯಾಸ ಹಾಳೆ

ತುಮಕೂರು, ಭಾನುವಾರದ ತರಗತಿ. ರೀಸನಿಂಗ್, ಹಾಳೆ 9.

ಹೋದ ವಾರದ ಟೆಸ್ಟ್‌ನಲ್ಲಿ ಕ್ಯಾಲೆಂಡರ್ ಪ್ರಶ್ನೆ ತಪ್ಪಿದವರ ರಫ್ ಶೀಟ್‌ಗಳನ್ನು ಮನೆಗೆ ತಗೊಂಡು ಹೋಗಿ ಒಂದೊಂದಾಗಿ ನೋಡಿದೆ. ಕೂಡೋದರಲ್ಲಿ, ಭಾಗಿಸೋದರಲ್ಲಿ ಯಾರೂ ತಪ್ಪಿಲ್ಲ. ಹೆಚ್ಚಿನವರು ಎಡವಿದ್ದು ಮೊದಲ ಸಾಲಿನಲ್ಲೇ: ಪೂರ್ತಿ ಮುಗಿದ ವರ್ಷ ಎಷ್ಟು? ಈ ಹಾಳೆ ಅದಕ್ಕಾಗಿಯೇ ಬರೆದಿದ್ದು. ಪೆನ್ನು ಹಿಡಿದು ಓದಿ. ಸುಮ್ನೆ ಕಣ್ಣಾಡಿಸಿದರೆ ಇದು ತಲೆಗೆ ಹತ್ತುವುದಿಲ್ಲ.

ಇವತ್ತು ಬುಧವಾರ ಅಂದುಕೊಳ್ಳಿ. 7 ದಿನ ಕಳೆದರೆ ಮತ್ತೆ ಬುಧವಾರ, 70 ದಿನ ಕಳೆದರೂ ಬುಧವಾರವೇ. 100 ದಿನ ಕಳೆದರೆ? 98 ದಿನ ಅಂದರೆ ಸರಿಯಾಗಿ 14 ವಾರ, ಅದನ್ನು ಮರೆತುಬಿಡಿ. ಉಳಿದದ್ದು 2. ಬುಧವಾರದಿಂದ ಎರಡು ಹೆಜ್ಜೆ ಮುಂದೆ, ಶುಕ್ರವಾರ. ಹೀಗೆ 7ರಿಂದ ಭಾಗಿಸಿದಾಗ ಉಳಿಯುವ ಶೇಷವೇ ವಿಷಮ ದಿನ. ನಾವೆಲ್ಲ ಬಾಯಲ್ಲಿ ಆಡ್ ಡೇಸ್ ಅಂತೀವಲ್ಲ, ಅದೇ.

ಸಾಮಾನ್ಯ ವರ್ಷ 365 ದಿನ, 52 ವಾರ ತೆಗೆದರೆ ಉಳಿಯೋದು 1. ಅಧಿಕ ವರ್ಷಕ್ಕೆ 2. ನೂರು ವರ್ಷದಲ್ಲಿ ಅಧಿಕ ವರ್ಷ 24, ಸಾಮಾನ್ಯ ವರ್ಷ 76. ಹಾಗಾಗಿ 48 + 76 = 124, ಶೇಷ 5. ಇದನ್ನು ಬಾಯಿಪಾಠ ಮಾಡಬೇಡಿ, ಒಮ್ಮೆ ನೀವೇ ಮಾಡಿ ನೋಡಿ. 200 ವರ್ಷಕ್ಕೆ 10, ಅಂದರೆ 3. 300ಕ್ಕೆ 15, ಅಂದರೆ 1. 400ಕ್ಕೆ 20 ಆಗಿ ಶೇಷ 6 ಬರಬೇಕಿತ್ತು ಅಲ್ವಾ? ಆದರೆ 400ನೇ ವರ್ಷ ಅಧಿಕ ವರ್ಷ, ಅದರ ಒಂದು ದಿನ ಸೇರಿ 21, ಶೇಷ 0. ಶತಮಾನದ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ. 1900 ಅಲ್ಲ, 2000 ಹೌದು.

ತಿಂಗಳುಗಳಿಗೆ ಮುಷ್ಟಿ ಹಿಡಿದು ಗೆಣ್ಣು ಎಣಿಸಿ. ಉಬ್ಬಿನ ಮೇಲೆ ಬಂದ ತಿಂಗಳು 31 ದಿನ, ವಿಷಮ ದಿನ 3. ತಗ್ಗಿನಲ್ಲಿ ಬಂದದ್ದು 30 ದಿನ, ವಿಷಮ ದಿನ 2. ಫೆಬ್ರವರಿಯೂ ತಗ್ಗಿನಲ್ಲೇ ಬರುತ್ತದೆ, ಆದರೆ ಅದಕ್ಕೆ 0, ಅಧಿಕ ವರ್ಷದಲ್ಲಿ 1. ಜುಲೈ ಕೊನೆಯ ಗೆಣ್ಣಿಗೆ ಬಂದ ಮೇಲೆ ಆಗಸ್ಟನ್ನು ಮತ್ತೆ ಮೊದಲ ಗೆಣ್ಣಿನಿಂದ ಹಿಡಿಯಿರಿ. ಪರೀಕ್ಷಾ ಕೊಠಡಿಗೆ ನಿಮ್ಮ ಕೈಯನ್ನಂತೂ ಯಾರೂ ತಡೆಯಲ್ಲ!

ಕೊನೆಯ ಶೇಷ 0 ಬಂದರೆ ಭಾನುವಾರ, 1 ಸೋಮವಾರ, ಹಾಗೇ 6 ಅಂದರೆ ಶನಿವಾರ.

ಪ್ರಶ್ನೆ 1. ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ದು 28 ಫೆಬ್ರವರಿ 2001ರಂದು. ಅಂದು ಯಾವ ವಾರ?

ಮುಗಿದ ವರ್ಷ 2000, ವಿಷಮ ದಿನ 0. ಜನವರಿಗೆ 3. ಫೆಬ್ರವರಿಯ 28 ದಿನಕ್ಕೆ 0. ಒಟ್ಟು 3, ಬುಧವಾರ. ಇಷ್ಟೇ. ಇಂಥ ಪ್ರಶ್ನೆ ಬಂದರೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ.

ಪ್ರಶ್ನೆ 2. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹುಟ್ಟಿದ್ದು 1 ಏಪ್ರಿಲ್ 1907. ಅಂದು ಯಾವ ವಾರ?

ಎಲ್ಲರೂ ಎಡವಿದ್ದು ಇದರಲ್ಲೇ, ಆದ್ದರಿಂದ ನಿಧಾನವಾಗಿ ಹೋಗೋಣ. ಏಪ್ರಿಲ್ 1ಕ್ಕೆ 1907 ಇನ್ನೂ ಮುಗಿದಿಲ್ಲ. ಮುಗಿದದ್ದು 1906. ಅದನ್ನು ಒಡೆಯಿರಿ: 1600 + 300 + 6.

1600ಕ್ಕೆ 0. 300ಕ್ಕೆ 1. ಉಳಿದ 6 ವರ್ಷ ಅಂದರೆ 1901ರಿಂದ 1906. ಅದರಲ್ಲಿ 1904 ಒಂದೇ ಅಧಿಕ ವರ್ಷ. 2 + 5 = 7, ಅಂದರೆ 0. ಇಲ್ಲಿಯವರೆಗೆ ಒಟ್ಟು 1.

ಈಗ 1907ರ ತಿಂಗಳುಗಳು. ಜನವರಿ 3, ಫೆಬ್ರವರಿ 0, ಮಾರ್ಚ್ 3, ಏಪ್ರಿಲ್‌ನ ಒಂದು ದಿನ 1. ಒಟ್ಟು 7, ಅಂದರೆ 0.

1 + 0 = 1. ಸೋಮವಾರ.

ನಿಮ್ಮಲ್ಲಿ ತುಂಬಾ ಜನ ಮಂಗಳವಾರ ಅಂತ ಬರೆದಿದ್ದಿರಿ. ಕೆಲವರು 1906ರ ಬದಲು 1907 ವರ್ಷ ಮುಗಿದಿದೆ ಅಂತ ಹಿಡಿದಿದ್ದಿರಿ, ಒಂದು ದಿನ ಜಾಸ್ತಿ ಆಯಿತು. ಇನ್ನು ಕೆಲವರು ವರ್ಷ ಸರಿಯಾಗಿ ಹಿಡಿದು, 1906ನ್ನು ಸೀದಾ 4ರಿಂದ ಭಾಗಿಸಿ 476 ಅಧಿಕ ವರ್ಷ ಅಂದಿರಿ. 100, 200, 300ರ ಥರದ ಶತಮಾನದ ವರ್ಷಗಳನ್ನು ಕಳೆಯಲೇ ಇಲ್ಲ. 1906 + 476 = 2382, ಶೇಷ 2, ಮತ್ತೆ ಮಂಗಳವಾರ! ತಪ್ಪು ಎರಡು ಬಗೆ, ಉತ್ತರ ಒಂದೇ. ಪಕ್ಕದವರದ್ದೂ ಅದೇ ಬಂದಿದೆ ಅಂತ ನಂಬಿ ಕೂರಬಾರದು ಅನ್ನೋದು ಇದಕ್ಕೇ. ಶತಮಾನ ಒಡೆದು ಬರೆಯುವ ಅಭ್ಯಾಸ ಇದ್ದರೆ ಈ ಎರಡನೇ ತಪ್ಪು ಹತ್ತಿರಕ್ಕೇ ಬರುವುದಿಲ್ಲ.

ಸ್ವಾಮೀಜಿ ಲಿಂಗೈಕ್ಯರಾದದ್ದು 21 ಜನವರಿ 2019. ಅದನ್ನೂ ಮಾಡೋಣ. ಮುಗಿದ ವರ್ಷ 2018. 2000ಕ್ಕೆ 0. 18 ವರ್ಷದಲ್ಲಿ 4 ಅಧಿಕ ವರ್ಷ, 8 + 14 = 22, ಶೇಷ 1. ಜನವರಿಯ 21 ದಿನಕ್ಕೆ 0. ಉತ್ತರ ಸೋಮವಾರ. ಹುಟ್ಟಿದ್ದೂ ಸೋಮವಾರ, ಹೋದದ್ದೂ ಸೋಮವಾರ. ಆವತ್ತು ಮಠದ ರಸ್ತೆಯಲ್ಲಿ ಸೇರಿದ್ದ ಜನರನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಾರ ಯಾವುದೆಂದು ನನಗೆ ಲೆಕ್ಕ ಹಾಕಬೇಕಾಗಿಲ್ಲ. ಆದರೂ ಹಾಕಿದಾಗ ಸರಿಯಾಗಿ ಬಂದರೆ ಒಂದು ಥರ ಸಮಾಧಾನ.

ಪ್ರಶ್ನೆ 3. ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆದದ್ದು 25 ಏಪ್ರಿಲ್ 1938. ಯಾವ ವಾರ?

ಮುಗಿದ ವರ್ಷ 1937. 1600ಕ್ಕೆ 0, 300ಕ್ಕೆ 1. 37 ವರ್ಷದಲ್ಲಿ 9 ಅಧಿಕ ವರ್ಷ. ಇಲ್ಲಿ ಒಂದು ಸುಲಭ ದಾರಿ: 9 × 2 + 28 ಮಾಡುವ ಬದಲು 37 + 9 ಮಾಡಿ. ಎರಡೂ 46, ಶೇಷ 4. ಜನವರಿ 3, ಫೆಬ್ರವರಿ 0, ಮಾರ್ಚ್ 3, 25ಕ್ಕೆ 4. ಎಲ್ಲ ಕೂಡಿ: 1 + 4 + 3 + 0 + 3 + 4 = 15, ಶೇಷ 1. ಸೋಮವಾರ.

ಪ್ರಶ್ನೆ 4. 15 ಸೆಪ್ಟೆಂಬರ್ 2025, ಇಂಜಿನಿಯರ್‌ಗಳ ದಿನ, ಸೋಮವಾರ. 2028ರಲ್ಲಿ ಅದೇ ತಾರೀಖು ಯಾವ ವಾರ?

ಇಲ್ಲಿ ಮೊದಲಿಂದ ಲೆಕ್ಕ ಬೇಡ. 2026ಕ್ಕೆ 1, 2027ಕ್ಕೆ 1. 2027ರ ಸೆಪ್ಟೆಂಬರ್‌ನಿಂದ 2028ರ ಸೆಪ್ಟೆಂಬರ್‌ಗೆ ಬರುವಾಗ ಫೆಬ್ರವರಿ 29 ನಡುವೆ ಸಿಗುತ್ತದೆ, ಆದ್ದರಿಂದ 2. ಒಟ್ಟು 4, ಶುಕ್ರವಾರ. ತಾರೀಖು ಜನವರಿ 15 ಆಗಿದ್ದರೆ 2028ಕ್ಕೂ 1 ಮಾತ್ರ. ಫೆಬ್ರವರಿ 29 ದಾಟಿದೆಯೋ ಇಲ್ಲವೋ, ಅದನ್ನು ನೋಡಿ.

ಪ್ರಶ್ನೆ 5. 2026ರ ಕ್ಯಾಲೆಂಡರ್ ಮತ್ತೆ ಯಾವ ವರ್ಷಕ್ಕೆ ಸರಿಹೊಂದುತ್ತದೆ?

2026ರಿಂದ ವಿಷಮ ದಿನ ಕೂಡುತ್ತಾ ಬನ್ನಿ: 1, 1, 2, 1, 1, 1. ಒಟ್ಟು 7, ಅಲ್ಲಿಗೆ 2031 ಮುಗಿಯಿತು. 2032 ಅಂತ ಗುರುತು ಹಾಕಬೇಡಿ! 2032 ಅಧಿಕ ವರ್ಷ, 2026 ಸಾಮಾನ್ಯ. ಜನವರಿ 1 ಒಂದೇ ವಾರ ಬಂದರೂ ಮಾರ್ಚ್‌ನಿಂದ ತಪ್ಪುತ್ತದೆ. ಮುಂದುವರಿಸಿ: 2, 1, 1, 1, 2. ಇನ್ನೊಂದು 7, 2036 ಮುಗಿಯಿತು. ಉತ್ತರ 2037.

ಮನೆಗೆ ಕೊಟ್ಟ ಲೆಕ್ಕ. ಮುಂದಿನ ಭಾನುವಾರ ಹಾಳೆ ತನ್ನಿ, ಬರೀ ಉತ್ತರ ಅಲ್ಲ, ಮುಗಿದ ವರ್ಷವನ್ನು ಒಡೆದ ಸಾಲು ಮೇಲೆ ಕಾಣಬೇಕು.

ಅ) 15 ಆಗಸ್ಟ್ 1947
ಆ) 26 ಜನವರಿ 1950
ಇ) ಮೈಸೂರು ರಾಜ್ಯ ಒಂದಾದ 1 ನವೆಂಬರ್ 1956, ಅದಕ್ಕೆ ಕರ್ನಾಟಕ ಎಂದು ಹೆಸರಾದ 1 ನವೆಂಬರ್ 1973. ಎರಡನ್ನೂ ಬೇರೆ ಬೇರೆ ಮಾಡಿ. 1956 ಅಧಿಕ ವರ್ಷ, ಗೆಣ್ಣು ಎಣಿಸುವಾಗ ನೆನಪಿರಲಿ.
ಈ) 2025ರ ಕ್ಯಾಲೆಂಡರ್ ಮತ್ತೆ ಬರುವುದು ಯಾವ ವರ್ಷ?

ಉತ್ತರ: ಅ) ಶುಕ್ರವಾರ. ಆ) ಗುರುವಾರ. ಇ) ಎರಡೂ ಗುರುವಾರ. ಈ) 2031.