ಒಂದೇ ಬಸ್ಸಿನವರು ಒಂದೇ ಗುಂಪು: ಕೊಡಗಿನ ದೊಡ್ಡ ಬಿ.ಕಾಂ. ತರಗತಿಯೊಂದರಲ್ಲಿ ಸಹಪಾಠಿ ಬೋಧನೆ

ವಿಭಾಗ: ಪದವಿ ತರಗತಿಗಳಲ್ಲಿ ಕಲಿಕೆ ಮತ್ತು ಬೋಧನೆ
ಮಂಡಿಸುವವರು: ವಾಣಿಜ್ಯಶಾಸ್ತ್ರ ಅಧ್ಯಾಪಕಿ, ಪದವಿ ಕಾಲೇಜು, ವಿರಾಜಪೇಟೆ ತಾಲ್ಲೂಕು, ಕೊಡಗು

ಸಾರಾಂಶ

ಸಹಪಾಠಿಗಳೇ ಸಹಪಾಠಿಗಳಿಗೆ ಕಲಿಸುವ ಗುಂಪುಗಳನ್ನು ಕಟ್ಟುವಾಗ ನಾವು ಸಾಮಾನ್ಯವಾಗಿ ಅಂಕಪಟ್ಟಿ ನೋಡುತ್ತೇವೆ. ಮಕ್ಕಳು ಯಾವ ಬಸ್ಸಿಗೆ ಬರುತ್ತಾರೆ ಎಂಬುದನ್ನು ಮೊದಲು ನೋಡಬೇಕು ಎನ್ನುವುದು ಈ ಪ್ರಬಂಧದ ವಾದ. ಬಿ.ಕಾಂ. ಮೊದಲ ಸೆಮಿಸ್ಟರಿನ ಫೈನಾನ್ಷಿಯಲ್ ಅಕೌಂಟಿಂಗ್ ತರಗತಿಯಲ್ಲಿ ನಾನು ಎರಡೂ ರೀತಿ ಮಾಡಿ ನೋಡಿದೆ. ಅಂಕ ನೋಡಿ ಕಟ್ಟಿದ ಗುಂಪುಗಳು ಒಂದೇ ತಿಂಗಳಲ್ಲಿ ಚದುರಿದವು. ಬಸ್ಸು ನೋಡಿ ಕಟ್ಟಿದ ಗುಂಪುಗಳಲ್ಲಿ ಹೆಚ್ಚಿನವು ಸೆಮಿಸ್ಟರ್ ಮುಗಿಯುವವರೆಗೂ ಉಳಿದವು.

ತರಗತಿಯಲ್ಲಿ 112 ಮಂದಿ ಇದ್ದರು. ಅವರಲ್ಲಿ ಪಿಯುಸಿಯಲ್ಲಿ ಕಾಮರ್ಸ್ ಓದಿ ಬಂದವರು ಕೆಲವರು. ಕಲಾ ವಿಭಾಗದಿಂದಲೋ ವಿಜ್ಞಾನದಿಂದಲೋ ಬಂದು ಜರ್ನಲ್ ಎಂಟ್ರಿಯನ್ನು ಮೊದಲ ಸಲ ನೋಡುವವರು ಉಳಿದವರು. ಮನೆಮಾತೂ ಒಂದೇ ಅಲ್ಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಬ್ಯಾರಿ, ಕನ್ನಡ ಎಲ್ಲವೂ ಒಂದೇ ಕೋಣೆಯಲ್ಲಿದ್ದವು. ಪಠ್ಯ ಇರುವುದು ಇಂಗ್ಲಿಷಿನಲ್ಲಿ. ಹಿಂದಿನ ಬೆಂಚಿನಿಂದ ಒಬ್ಬರೂ ಪ್ರಶ್ನೆ ಕೇಳುತ್ತಿರಲಿಲ್ಲ. ಅರ್ಥವಾಯಿತಾ ಎಂದು ನಾನು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಿದ್ದರು. ಟೆಸ್ಟ್ ಪೇಪರ್ ತೆರೆದರೆ, ವರ್ಷದ ಕೊನೆಗೆ ಬಾಕಿ ಮುಂತಾದವನ್ನು ಸರಿಹೊಂದಿಸುವ ಅಡ್ಜಸ್ಟ್‌ಮೆಂಟಿನ ಲೆಕ್ಕಗಳೆಲ್ಲ ಖಾಲಿ.

ಸಹಪಾಠಿ ಬೋಧನೆ ನಮ್ಮ ಕಡೆಗೆ ಹೊಸದಲ್ಲ. ಮದ್ರಾಸಿನ ಅನಾಥಾಲಯದ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್, ಊರ ಶಾಲೆಯ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು, ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಪದ್ಧತಿ ತಂದರು. 1797ರಲ್ಲಿ ಅದರ ಬಗ್ಗೆ ಬರೆದು ಪ್ರಕಟಿಸಿದರು. ಹಾರ್ವರ್ಡಿನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ದೊಡ್ಡ ತರಗತಿಗಳಿಗೆ ಇನ್ನೊಂದು ದಾರಿ ತೋರಿಸಿದರು. ಮೊದಲು ಒಬ್ಬೊಬ್ಬರೇ ಉತ್ತರ ಹೇಳಬೇಕು. ಆಮೇಲೆ ಪಕ್ಕದವರ ಜೊತೆ ಚರ್ಚೆ ಮಾಡಿ ಮತ್ತೆ ಉತ್ತರ ಕೊಡಬೇಕು. 1982ರಲ್ಲಿ ಕೋಹೆನ್ ಮತ್ತು ಇಬ್ಬರು ಕುಲಿಕ್‌ಗಳು ಶಾಲೆಗಳಲ್ಲಿ ನಡೆದ 65 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಕಲಿಸಿದ ಮಕ್ಕಳಿಗೂ ಲಾಭವಾಗಿದೆ ಎಂದು ತೋರಿಸಿದರು. ಆದರೆ ಗುಂಪಿನವರು ಯಾವ ಹೊತ್ತಿನಲ್ಲಿ, ಎಲ್ಲಿ ಕೂರಬೇಕು? ಮಳೆಗಾಲದ ಕೊಡಗಿನಲ್ಲಿ ಮೊದಲು ಏಳುವ ಪ್ರಶ್ನೆಯೇ ಇದು.

ಮೊದಲ ತಿಂಗಳು ಪ್ರವೇಶದ ಅಂಕ ನೋಡಿ, ಗುಂಪಿಗೆ 7 ಮಂದಿಯಂತೆ 16 ಗುಂಪು ಮಾಡಿದೆ. ಹೆಚ್ಚು ಅಂಕದವರು ಒಬ್ಬರು ಕಲಿಸುವವರು, ಉಳಿದ ಆರು ಮಂದಿ ಕಲಿಯುವವರು. ಕಾಗದದ ಮೇಲೆ ಚೆನ್ನಾಗಿತ್ತು. ಕ್ಲಾಸು ಮುಗಿದ ಮೇಲೆ ಅರ್ಧ ಗಂಟೆ ಕೂರಬೇಕು ಎಂದಿದ್ದೆ. ಸಿದ್ದಾಪುರ ಕಡೆಯವಳು ಮೂರೂವರೆ ಬಸ್ಸು ತಪ್ಪಿಸಿಕೊಂಡರೆ ಮನೆ ಸೇರುವಾಗ ಕತ್ತಲಾಗುತ್ತದೆ. ರಸ್ತೆಯಿಂದ ತೋಟದ ಒಳಗೆ ಮತ್ತೆ ನಡೆಯಬೇಕು. ಅವಳು ಹೇಗೆ ಕೂರುತ್ತಾಳೆ? ಎರಡನೇ ವಾರಕ್ಕೆ ಗುಂಪಿನಲ್ಲಿ ಮೂವರು, ಮೂರನೇ ವಾರಕ್ಕೆ ಒಬ್ಬರು. ಆಸಕ್ತಿ ಇಲ್ಲದ ಮಕ್ಕಳು ಅಂದುಕೊಂಡಿದ್ದೆ. ಅದು ನನ್ನ ತಪ್ಪು.

ಒಂದು ಬೆಳಿಗ್ಗೆ ಬೇಗ ಬಂದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮೂರ್ನಾಡು ಕಡೆಯ ಬಸ್ಸಿನವರು, ಗೋಣಿಕೊಪ್ಪ ಕಡೆಯ ಬಸ್ಸಿನವರು ಮೊದಲ ಬೆಲ್ಲಿಗಿಂತ ಎಷ್ಟೋ ಮೊದಲೇ ಬಂದು ವರಾಂಡದಲ್ಲಿ ಸುಮ್ನೆ ನಿಂತಿರುತ್ತಾರೆ. ಅದಾದ ಮೇಲೆ ಬರುವ ಬಸ್ಸು ತಡ, ಹಾಗಾಗಿ ಬೇರೆ ದಾರಿ ಇಲ್ಲ. ನಾನು ಹುಡುಕುತ್ತಿದ್ದ ಅರ್ಧ ಗಂಟೆ ಅಲ್ಲೇ ಇತ್ತು. ಎಲ್ಲರಿಂದ ಬಸ್ಸು, ಹತ್ತುವ ನಿಲ್ದಾಣ, ಬರುವ ಹೊತ್ತು ಬರೆಸಿಕೊಂಡು ಗುಂಪುಗಳನ್ನು ಮತ್ತೆ ಕಟ್ಟಿದೆ. ಹಾಸ್ಟೆಲಿನವರಿಗೆ ಬೇರೆ ಗುಂಪು, ಅವರು ರಾತ್ರಿ ಊಟದ ನಂತರ ಕೂರುತ್ತಿದ್ದರು. ಒಂದೇ ಕಡೆಯಿಂದ ಬರುವವರಲ್ಲಿ ಮನೆಮಾತೂ ಎಷ್ಟೋ ಸಲ ಒಂದೇ ಇತ್ತು. ಇದನ್ನು ನಾನು ಲೆಕ್ಕ ಹಾಕಿರಲಿಲ್ಲ, ಆದರೆ ಇದರಿಂದ ತುಂಬಾ ಸಹಾಯವಾಯಿತು. ನನ್ನೆದುರು ಬಾಯಿ ಬಿಡದವರು ಅಲ್ಲಿ ಜಗಳವಾಡಿ ಕಲಿತರು. ಕಾಫಿ ಕುಯ್ಲಿಗೆ ಮನೆಯಲ್ಲಿ ಉಳಿದವರಿಗೆ ಬಸ್ಸಿನ ಗೆಳೆಯರೇ ನೋಟ್ಸ್ ಮುಟ್ಟಿಸಿದರು.

ಕಲಿಸುವವರನ್ನು ಆರಿಸುವ ರೀತಿಯನ್ನೂ ಬದಲಿಸಿದೆ. ಅತಿ ಹೆಚ್ಚು ಅಂಕದವರ ಬದಲು, ಅದೇ ಲೆಕ್ಕದಲ್ಲಿ ಹಿಂದಿನ ವಾರ ಎಡವಿ ಈಗ ದಾಟಿದವರನ್ನು ಕೇಳಿದೆ. ಎಲ್ಲಿ ಕಾಲು ಜಾರುತ್ತದೆ ಎಂದು ಅವರಿಗೆ ಇನ್ನೂ ನೆನಪಿರುತ್ತದೆ. ಬಾಕಿ ಕೂಲಿಯ ಲೆಕ್ಕವನ್ನೇ ನೋಡಿ. ಕೊಡದೇ ಇರುವ ಹಣವನ್ನು ಖರ್ಚು ಎಂದು ಯಾಕೆ ಬರೆಯಬೇಕು ಎನ್ನುವುದು ಮಕ್ಕಳಿಗೆ ತಲೆಗೆ ಹತ್ತುವುದಿಲ್ಲ. ನಾನು ಬೋರ್ಡಿನ ಮೇಲೆ ಇಪ್ಪತ್ತು ನಿಮಿಷ ಹೇಳಿದರೂ ಆಗಲಿಲ್ಲ. ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿರುವವರ ಮಗಳೊಬ್ಬಳು ತನ್ನ ಗುಂಪಿಗೆ ಹೀಗೆ ಹೇಳಿದಳು: "ಬಟವಾಡೆ ಶನಿವಾರ. ಮಾರ್ಚ್ 31 ಬುಧವಾರ ಬಿತ್ತು ಅಂದುಕೊಳ್ಳಿ. ಸೋಮವಾರದಿಂದ ಮೂರು ದಿನ ಆಳುಗಳು ಕೆಲಸ ಮಾಡಿ ಆಗಿದೆ, ದುಡ್ಡು ಕೊಟ್ಟಿಲ್ಲ. ಆ ಮೂರು ದಿನ ಈ ವರ್ಷದ್ದೇ ಅಲ್ವಾ?" ಈ ಮಾತು ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಿ ಇಡೀ ತರಗತಿ ಸುತ್ತಿತು. ಈಗ ನಾನೂ ಹಾಗೆಯೇ ಪಾಠ ಮಾಡುತ್ತೇನೆ.

ತಪ್ಪೂ ಹೀಗೆಯೇ ಹರಡುತ್ತದೆ. ಮಾಲೀಕ ಸ್ವಂತಕ್ಕೆ ಸರಕು ತೆಗೆದುಕೊಂಡರೆ ಡ್ರಾಯಿಂಗ್ಸ್ ಡೆಬಿಟ್ ಆಗಿ ಪರ್ಚೇಸಸ್ ಕ್ರೆಡಿಟ್ ಆಗಬೇಕು. ಒಂದು ಗುಂಪಿನ ಏಳೂ ಮಂದಿ ಟೆಸ್ಟಿನಲ್ಲಿ ಸೇಲ್ಸ್ ಎಂದು ಬರೆದರು. ಕಲಿಸಿದವನು ಹಾಗೆ ಹೇಳಿದ್ದ. ಪಾಪ, ಅವನಿಗೆ ತುಂಬಾ ಬೇಸರವಾಯಿತು. ಅಂದಿನಿಂದ ಶುಕ್ರವಾರ ಇಪ್ಪತ್ತು ನಿಮಿಷ ಕಲಿಸುವವರ ಜೊತೆ ನಾನು ಕೂರತೊಡಗಿದೆ. ಮುಂದಿನ ವಾರದ ಲೆಕ್ಕವನ್ನು ಅವರು ನನಗೆ ಕಲಿಸಬೇಕು, ನಾನು ಗೊತ್ತಿಲ್ಲದವಳಂತೆ ಪ್ರಶ್ನೆ ಕೇಳಬೇಕು. ಈ ಯೋಜನೆಯಲ್ಲಿ ಬಿಡಲೇಬಾರದ ಭಾಗ ಇದೇ ಎಂದು ನನಗೆ ಅನಿಸುತ್ತದೆ.

ಪ್ರಬಂಧಕ್ಕೆ ಆಧಾರ ಗುಂಪುಗಳ ಹಾಜರಿ ಪುಸ್ತಕ, ಅವರು ದಿನವೂ ಬರೆದಿಟ್ಟ ಸಂದೇಹಗಳು, ಎರಡು ಟೆಸ್ಟಿನ ಉತ್ತರ ಪತ್ರಿಕೆಗಳು ಮತ್ತು ವಿದ್ಯಾರ್ಥಿಗಳ ಜೊತೆ ನಡೆಸಿದ ಮಾತುಕತೆ. ಎರಡನೇ ಟೆಸ್ಟಿನಲ್ಲಿ ಅಡ್ಜಸ್ಟ್‌ಮೆಂಟ್ ಲೆಕ್ಕಗಳನ್ನು ಖಾಲಿ ಬಿಟ್ಟವರು ಕಡಿಮೆಯಾದರು. ತಪ್ಪಾದರೂ ಬಿಡಿಸಲು ಹೊರಟವರು ಜಾಸ್ತಿಯಾದರು. ಹೆಚ್ಚು ಸುಧಾರಿಸಿದವರು ಕಲಿಸಿದವರೇ. ಆದ್ದರಿಂದ ಸೆಮಿಸ್ಟರಿನ ಎರಡನೇ ಭಾಗದಲ್ಲಿ ಕಲಿಸುವ ಸರದಿಯನ್ನು ಎಲ್ಲರಿಗೂ ಹಂಚಿದೆ.

ಹೋಲಿಸಿ ನೋಡಲು ಗುಂಪುಗಳಿಲ್ಲದ ಇನ್ನೊಂದು ತರಗತಿ ನನಗಿರಲಿಲ್ಲ. ಪಾಠ ಮಾಡಿದವಳೂ ಗಮನಿಸಿದವಳೂ ನಾನೇ. ಎರಡನೇ ಸಲ ಗುಂಪು ಕಟ್ಟುವ ಹೊತ್ತಿಗೆ ಮಳೆಯೂ ಕಡಿಮೆಯಾಗಿತ್ತು, ಅದರ ಪಾಲೂ ಇರಬಹುದು. ಸ್ವಂತ ಬೈಕಿನಲ್ಲಿ ಬರುವವರ ಗುಂಪು ಕೊನೆಗೂ ಕೂಡಿಬರಲಿಲ್ಲ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಬೆಲ್ ಅವರ ಪದ್ಧತಿ ಹರಡಿದ್ದಕ್ಕೆ ಅದು ಅಗ್ಗ ಎನ್ನುವುದೂ ಒಂದು ಕಾರಣ. ನಮ್ಮ ಮಕ್ಕಳು ಒಬ್ಬರಿಗೊಬ್ಬರು ಕಲಿಸುತ್ತಾರೆ ಎಂದು ಅಧ್ಯಾಪಕರ ಹುದ್ದೆ ಖಾಲಿ ಬಿಡುವುದು ಸರಿಯಲ್ಲ. ಶುಕ್ರವಾರದ ಆ ಇಪ್ಪತ್ತು ನಿಮಿಷ ಕೂರಲು ಒಬ್ಬ ಅಧ್ಯಾಪಕರು ಬೇಕೇ ಬೇಕು.

ಬಸ್ಸಿನ ವಿವರ ಬರೆಸಿಕೊಂಡ ಒಂದು ಪುಟದ ಹಾಳೆಯನ್ನು ಮಂಡನೆಯ ದಿನ ಹಂಚುತ್ತೇನೆ. ಬೇರೆ ಕಾಲೇಜಿನವರು ತಮ್ಮ ಊರಿನ ಬಸ್ಸುಗಳಿಗೆ ತಕ್ಕಂತೆ ಬದಲಿಸಿ ಬಳಸಬಹುದು.

ಮುಖ್ಯ ಪದಗಳು: ಸಹಪಾಠಿ ಬೋಧನೆ, ದೊಡ್ಡ ತರಗತಿ, ಪದವಿ ಶಿಕ್ಷಣ, ಅಕೌಂಟಿಂಗ್ ಕಲಿಕೆ, ಮನೆಮಾತು, ಬಸ್ ಪ್ರಯಾಣ, ಕೊಡಗು