ಮಾಡರ್ನ್ ಲೋಗೋ ಒಂದು ಬೇಕಿತ್ತು

ಪ್ರೀತಿಯ ಮಗಾ,

ನಾನು ಡೊಂಬಿವಲಿಯ ಅಂಕಲ್. ನಿನ್ನ ಅಪ್ಪ ಹೇಳಿರಬಹುದು, ಹೇಳದಿದ್ದರೂ ತೊಂದರೆಯಿಲ್ಲ, ಈ ಮೈಲಿನಲ್ಲಿ ಎಲ್ಲ ವಿವರ ಉಂಟು. ನಮಗೊಂದು ಲೋಗೋ ಬೇಕು. ಮಾಡರ್ನ್ ಆಗಿರಬೇಕು. ಪುಣೆಯಲ್ಲಿ ನೀನು ಇದೇ ಕೆಲಸ ಮಾಡುತ್ತಿರುವಾಗ ದಾದರಿನ ಪ್ರೆಸ್ಸಿನವನ ಹತ್ತಿರ ಹೋಗಿ, ಅವನ ಕಂಪ್ಯೂಟರಿನ ಹಳೇ ಡಿಸೈನುಗಳಲ್ಲಿ ಒಂದನ್ನು ಆರಿಸಿಕೊಂಡು ಬರುವುದು ನನಗೆ ಸರಿ ಕಾಣಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಹೆಸರು ಇನ್ನೂ ಆಗಿಲ್ಲ. ನಾವು ಮೂವರು ಪಾರ್ಟ್‌ನರುಗಳು: ನಾನು, ನನ್ನ ಭಾವ, ಬೋರಿವಲಿಯ ಒಬ್ಬ ಗುಜರಾತಿ ಶೇಠ್. ಭಾವನಿಗೆ ಊರಿನ ದೈವದ ಹೆಸರೇ ಆಗಬೇಕು. ಶೇಠರಿಗೊಬ್ಬ ನ್ಯೂಮರಾಲಜಿಯವನು ಇದ್ದಾನೆ, ಯಾವ ಹೆಸರು ಹೇಳಿದರೂ ನಡುವೆ ಇನ್ನೊಂದು ‘ಎ’ ಸೇರಿಸಿ ಅನ್ನುತ್ತಾನೆ. ನನ್ನ ಮಗ ಒಂದು ಇಂಗ್ಲಿಷ್ ಶಬ್ದ ತಂದು, ಅದರಲ್ಲಿದ್ದ ‘ಎ’, ‘ಇ’, ‘ಓ’ ಎಲ್ಲ ಕಿತ್ತು ಹಾಕಿ, ಈಗ ಇದೇ ಟ್ರೆಂಡ್ ಅಪ್ಪಾ ಅನ್ನುತ್ತಾನೆ. ಅದನ್ನು ಓದಲು ನನಗೆ ಬರುವುದಿಲ್ಲ. ಹೆಸರಿಗೆ ಕಾದು ಕೂತರೆ ದಸರಾ ದಾಟಿಹೋಗುತ್ತದೆ. ಹಾಗಾಗಿ ಲೋಗೋ ಮೊದಲು ಆಗಲಿ. ಕೆಳಗೆ ಜಾಗ ಬಿಡು, ಹೆಸರು ಎಷ್ಟು ಉದ್ದ ಬಂದರೂ ಹಿಡಿಯಬೇಕು. ಮೊದಲ ಅಕ್ಷರವನ್ನೇ ಬಾಗಿಸಿ ತಿರುಗಿಸಿ ಲೋಗೋ ಮಾಡುತ್ತಾರಲ್ಲ, ಅದು ನಮಗೆ ಆಗದು. ಅಕ್ಷರ ಯಾವುದು ಅಂತ ಯಾರಿಗೆ ಗೊತ್ತು?

ವ್ಯಾಪಾರ ಏನು ಅಂತ ನೀನು ಕೇಳುತ್ತಿ. ಅದನ್ನು ಸದ್ಯಕ್ಕೆ ಹೊರಗೆ ಹೇಳಬಾರದು ಅಂತ ಮಾತಾಗಿದೆ. ಮೂವರೂ ಒಪ್ಪಿದ ವಿಷಯ ಅದೊಂದೇ, ಅದನ್ನೂ ನಾನೇ ಮುರಿದರೆ ಹೇಗೆ? ನೀನು ಹೊರಗಿನವಳಲ್ಲ ನಿಜ. ಆದರೆ ನಿನಗೆ ಹೇಳಿದರೆ ನಿನ್ನ ಅಪ್ಪನಿಗೆ ತಿಳಿಯುತ್ತದೆ, ಅವನಿಗೆ ತಿಳಿದರೆ ಮಾಟುಂಗಾದಲ್ಲಿ ಕಾಪಿ ಕುಡಿಯುವವರಿಗೆಲ್ಲ ತಿಳಿಯುತ್ತದೆ. ಹೋಟೆಲು ಅಂತ ಮಾತ್ರ ಅಂದಾಜು ಮಾಡಿ ಕೂರಬೇಡ. ನಮ್ಮೂರಿನವರು ಮುಂಬಯಿಯಲ್ಲಿ ಏನು ಶುರು ಮಾಡಿದರೂ ಜನ ಹೋಟೆಲು ಅಂತಲೇ ತಿಳಿಯುತ್ತಾರೆ. ಹೋಟೆಲು ಅಲ್ಲ ಅಂತಲೂ ನಾನು ಹೇಳಲಿಲ್ಲ, ನೋಡು.

ಟ್ರೇಡ್‌ಮಾರ್ಕ್ ವಕೀಲರೂ ಇದೇ ಪ್ರಶ್ನೆ ಹಿಡಿದು ಕೂತಿದ್ದಾರೆ. ಆಂಟಾಪ್ ಹಿಲ್‌ನಲ್ಲಿ ರಿಜಿಸ್ಟ್ರಿಯ ಆಫೀಸು ಉಂಟಲ್ಲ, ಅಲ್ಲಿ ಸರಕು, ಸೇವೆ ಎಲ್ಲ ಸೇರಿ 45 ಕ್ಲಾಸ್ ಇವೆಯಂತೆ, ಅದರಲ್ಲಿ ನಮ್ಮದು ಯಾವುದೆಂದು ಬರೆಯದೆ ಅರ್ಜಿ ಹೋಗುವುದಿಲ್ಲವಂತೆ. ಕ್ಲಾಸ್ ಹೆಚ್ಚಾದಷ್ಟೂ ಫೀಸು ಹೆಚ್ಚು. 45ಕ್ಕೂ ಹಾಕಿಬಿಡುವಾ ಅಂತ ಶೇಠ್ ಕೇಳಿದರು, ವಕೀಲರು ನಕ್ಕರು. ಅವರು ಕಾಯುತ್ತಾರೆ, ಅವರ ಕೆಲಸ ಹಾಗೆಯೇ. ನೀನು ಕಾಯಬೇಡ.

ಈಗ ಮಾಡರ್ನ್ ಅಂದರೆ ಎಂತದು ಅನ್ನುವುದು. ಏನು ಬೇಡ ಅಂತ ಸ್ಪಷ್ಟ ಹೇಳಬಲ್ಲೆ. ಒಂದು ಸುತ್ತು, ಎರಡು ಬದಿ ಭತ್ತದ ತೆನೆ, ನಡುವೆ ದೀಪ, ಕೆಳಗೆ ರಿಬ್ಬನ್ನಿನಲ್ಲಿ ಸಂಸ್ಕೃತ, ಇದು ಬೇಡ. ಭೂಗೋಳ ಬೇಡ. ಕೈಕುಲುಕುವ ಎರಡು ಕೈ ಬೇಡ, ಮೂವರು ಪಾರ್ಟ್‌ನರುಗಳಲ್ಲಿ ಯಾರ ಕೈ ಬಿಟ್ಟದ್ದು ಅಂತ ಜಗಳ ಬರುತ್ತದೆ. ಉದಯಿಸುವ ಸೂರ್ಯ ಬೇಡ.

ಬೇಕಾದ್ದು ಹೇಗೆ ಅಂದರೆ, ಸ್ಟೇಟ್ ಬ್ಯಾಂಕಿನ ಗುರುತು ನೋಡು. ಒಂದು ಸುತ್ತು, ಒಂದು ಸಣ್ಣ ತೂತು, ಕೆಳಗೆ ಒಂದು ಗೆರೆ, ಕೀಲಿ ಹಾಕುವ ಜಾಗದ ಹಾಗೆ. ಅಹಮದಾಬಾದಿನ ಎನ್‌ಐಡಿಯಲ್ಲಿ ಶೇಖರ್ ಕಾಮತರು 1971ರಲ್ಲಿ ಮಾಡಿದ್ದು. ನಿನಗಿಂತ ಎಷ್ಟೋ ಹಿರಿಯದು, ಆದರೂ ನಿನ್ನೆ ಮಾಡಿದ ಹಾಗೆ ಕಾಣುತ್ತದೆ. ರೂಪಾಯಿಯ ಚಿಹ್ನೆಯೂ ಹಾಗೆಯೇ. ನಮ್ಮ ಪೊವಾಯಿಯ ಐಐಟಿಯಲ್ಲಿ ಕಲಿತ ಉದಯಕುಮಾರ್ ಮಾಡಿದ್ದು, 2010ರಲ್ಲಿ ಸರಕಾರ ಒಪ್ಪಿಕೊಂಡಿತು. ನಾಗರಿಯ ‘ರ’ಕ್ಕೆ ಒಂದು ಅಡ್ಡಗೆರೆ ಹೆಚ್ಚು ಹಾಕಿದ ಹಾಗೆ ಉಂಟು, ಅಷ್ಟೇ. ನಮಗೂ ಅಂಥದ್ದು ಸಾಕು. ಇದನ್ನು ಹೇಳಿದಾಗ ನನ್ನ ಮಗ, ಅಪ್ಪಾ, ಬ್ಯಾಂಕು ಅಂತ ಗೊತ್ತಿದ್ದಕ್ಕೆ ಕೀಲಿ ಬಂತು, ರೂಪಾಯಿ ಅಂತ ಗೊತ್ತಿದ್ದಕ್ಕೆ ‘ರ’ ಬಂತು ಅಂತ ತಕರಾರು ತೆಗೆದ. ಅವನದ್ದು ಯಾವಾಗಲೂ ಹಾಗೆಯೇ, ಎಲ್ಲದಕ್ಕೂ ಒಂದು ಮಾತು.

ಭಾವನ ಲೆಕ್ಕ ಬೇರೆ. ಸಿಂಡಿಕೇಟ್ ಬ್ಯಾಂಕಿನ ನಾಯಿ ನಿನಗೆ ನೆನಪಿರಬಹುದು, ನಿನ್ನ ಅಜ್ಜನ ಪಾಸ್‌ಬುಕ್ಕಿನ ಮೇಲೆ ನೋಡಿರುತ್ತಿ. 2020ರ ಏಪ್ರಿಲಿನಲ್ಲಿ ಬ್ಯಾಂಕು ಕೆನರಾದ ಜೊತೆ ಸೇರಿತು, ನಾಯಿ ಹೋಗಿ ಎರಡು ತ್ರಿಕೋನ ಬಂದವು. ಮಾಡರ್ನ್ ಅಂದರೆ ತ್ರಿಕೋನ ಅಂತ ಭಾವ ಅವತ್ತೇ ತೀರ್ಮಾನ ಮಾಡಿಬಿಟ್ಟ. ಆದರೆ ನಾಯಿಯ ಮೇಲೂ ಅವನಿಗೆ ಪ್ರೀತಿ ಉಂಟು. ಶೇಠರಿಗೆ ಏಷ್ಯನ್ ಪೇಂಟ್ಸಿನ ಗಟ್ಟುವಿನ ಹಾಗೆ ಒಬ್ಬ ಹುಡುಗ ಬೇಕು. ಅದು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಬರೆದದ್ದು ಅಂತ ನಾನು ಹೇಳಿದ ಮೇಲಂತೂ ಕೇಳುವುದೇ ಬೇಡ, ನಿಮ್ಮವರೇ ಇದ್ದಾರಲ್ಲ, ಇನ್ನೊಂದು ಬರೆಸಿ ಅಂದರು. ಆದ್ದರಿಂದ ಮೂರು ಸ್ಯಾಂಪಲ್ ಮಾಡು. ತ್ರಿಕೋನ ಇದ್ದದ್ದು ಒಂದು, ಮುಖ ಇದ್ದದ್ದು ಒಂದು, ಏನೂ ಇಲ್ಲದ್ದು ಒಂದು. ನನ್ನ ವೋಟು ಮೂರನೆಯದಕ್ಕೆ.

ಬಣ್ಣದ ಮಾತು ಸದ್ಯಕ್ಕೆ ಎತ್ತಬೇಡ. ಕಪ್ಪು ಭಾವನಿಗೆ ಆಗದು. ಹಸಿರು, ಕೇಸರಿ, ನೀಲಿ ಹಾಕಿದರೆ ಯಾವ ಪಕ್ಷದವರು ಅಂತ ಜನ ಕೇಳುತ್ತಾರೆ. ಕೆಂಪು ಆದೀತು ಅಂದುಕೊಂಡಿದ್ದೆ, ಬೆಸ್ಟ್ ಬಸ್ಸಿನ ಹಾಗೆ ಕಾಣುತ್ತದೆ ಅಂತ ಮಗ ಹೇಳಿದ ಮೇಲೆ ಅದೂ ಬಿಟ್ಟೆ. ಬಣ್ಣವಿಲ್ಲದೆ ನಿಲ್ಲದ ಲೋಗೋ ಬಣ್ಣ ಹಾಕಿದರೂ ನಿಲ್ಲುವುದಿಲ್ಲ ಅಂತ ನೀನೇ ಒಮ್ಮೆ ಹೇಳಿದ್ದೆಯಂತೆ, ನಿನ್ನ ಅಪ್ಪ ಎಲ್ಲರಿಗೂ ಹೇಳುತ್ತಿರುತ್ತಾನೆ. ಹಾಗಾದರೆ ಸರಿಯಾಯಿತಲ್ಲ.

ಎಲ್ಲಿ ಹಾಕುವುದು ಅಂತಲೂ ನಿಶ್ಚಯವಿಲ್ಲ. ಪೆನ್ನಿನ ಮೇಲೆ ಬರಬಹುದು, ಟೆಂಪೋದ ಮೇಲೆ ಬರಬಹುದು, ಬರೇ ವಾಟ್ಸಾಪಿನ ಸಣ್ಣ ಸುತ್ತಿನಲ್ಲಿ ಇದ್ದುಬಿಡಲೂಬಹುದು. ಪ್ರೆಸ್ಸಿನವನು ಮಾತ್ರ, ಡಿಸೈನರ್ ಹತ್ತಿರ ಓಪನ್ ಫೈಲ್ ತೆಗೆದುಕೊಳ್ಳಿ, ಬರೇ ಜೆಪೆಗ್ ತಂದರೆ ದೊಡ್ಡದು ಮಾಡಿದಾಗ ಒಡೆಯುತ್ತದೆ ಅಂದಿದ್ದಾನೆ. ಅವನು ಕೋರಲ್‌ನಲ್ಲಿ ಕೆಲಸ ಮಾಡುವುದು. ಅದರಲ್ಲಿ ತೆರೆಯುವ ಹಾಗೆ ಒಂದು, ನಿನ್ನ ಲೆಕ್ಕಕ್ಕೆ ಬೇಕಾದ್ದು ಒಂದು ಕೊಡು.

ದುಡ್ಡಿನ ವಿಷಯದಲ್ಲಿ ಸಂಕೋಚ ಬೇಡ. ಅಂಕಲ್ ಅಂತ ಬಿಟ್ಟಿ ಮಾಡಿದರೆ ನನಗೆ ಸಿಟ್ಟು ಬರುತ್ತದೆ, ಮೇಲಾಗಿ ಬಿಟ್ಟಿ ಬಂದದ್ದಕ್ಕೆ ಶೇಠ್ ಬೆಲೆ ಕೊಡುವುದಿಲ್ಲ. ನಿನ್ನ ರೇಟು ಬರೆದು ಕಳಿಸು. ಅಡ್ವಾನ್ಸು 5,000 ರೂಪಾಯಿ ಇವತ್ತೇ ಜಿಪೇ ಮಾಡುತ್ತೇನೆ. ಎಷ್ಟು ಸಲ ತಿದ್ದಿಕೊಡುತ್ತಿ ಅಂತಲೂ ಅದರಲ್ಲೇ ಬರೆ, ಮೂವರಿದ್ದೇವೆ, ಆಮೇಲೆ ನಿನಗೇ ಕಷ್ಟ.

ಸ್ಯಾಂಪಲ್ ಮುಂದಿನ ಶನಿವಾರದೊಳಗೆ ಸಿಕ್ಕರೆ ಒಳ್ಳೆಯದು, ಭಾನುವಾರ ಮೂವರೂ ಬೋರಿವಲಿಯಲ್ಲಿ ಸೇರುತ್ತೇವೆ. ಏನಾದರೂ ಕೇಳುವುದಿದ್ದರೆ ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡು. ಹೆಸರು, ಬಣ್ಣ, ವ್ಯಾಪಾರ ಬಿಟ್ಟು ಬೇರೆ ಏನು ಬೇಕಾದರೂ ಕೇಳು. ಬಿಲ್ಲು ಸದ್ಯಕ್ಕೆ ನನ್ನ ಹೆಸರಿಗೇ ಮಾಡು, ‘ಲೋಗೋ, 1’ ಅಂತ ಬರೆದರೆ ಸಾಕು.

ನಿನ್ನ ಡೊಂಬಿವಲಿಯ ಅಂಕಲ್